ಹತ್ತನೆಯ ನಂತರ ಮುಂದೇನು: ಮಕ್ಕಳ ಜೊತೆ ಮಾತಾಡುವುದು ಹೇಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕಲಬುರಗಿಯ ಯಾವುದಾದರೂ ಪಿಯು ಕಾಲೇಜಿನ ಮುಂದೆ ಅರ್ಧ ಗಂಟೆ ನಿಂತು ನೋಡಿ. ಫಾರಂ ತುಂಬುವವರು ಅಪ್ಪ, ಕಾಂಬಿನೇಷನ್ ಹೇಳುವವರು ಕಾಕಾ, ಹುಡುಗನದು ಸಹಿ ಮಾತ್ರ. ಹೀಗೆ ಪಿಸಿಎಂಬಿ ಸೇರಿ ದೀಪಾವಳಿ ಹೊತ್ತಿಗೆ ಊರಿಗೆ ವಾಪಸ್ ಬಂದ ನನ್ನದೇ ವಿದ್ಯಾರ್ಥಿಗಳನ್ನು ವರ್ಷ ವರ್ಷ ನೋಡುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಯಾವುದು ಬೇಕಾಗಿದೆ ಎಂದು ಮೊದಲು ಗುರುತಿಸಿ

ನಮ್ಮ ಕಡೆ ಕೌನ್ಸೆಲಿಂಗ್ ಅಂದರೆ ಸಿಇಟಿ ಸೀಟು ಹಂಚಿಕೆ ಎಂದೇ ಬಹಳ ಜನರ ತಿಳಿವಳಿಕೆ. ಮನೆ ಬಾಗಿಲಿಗೆ ಬಂದು ಅಡ್ಮಿಷನ್ ಮಾಡಿಸುವವರೂ ತಮ್ಮನ್ನು ಕೌನ್ಸೆಲರ್ ಎಂದೇ ಕರೆದುಕೊಳ್ಳುತ್ತಾರೆ. ಎರಡೂ ಆಪ್ತಸಮಾಲೋಚನೆಯಲ್ಲ.

ಡಿಪ್ಲೊಮಾ ಎಷ್ಟು ವರ್ಷ, ಪಶುವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕೇ, ಹಾಸ್ಟೆಲ್ ಅರ್ಜಿ ಯಾವಾಗ: ಇಂಥ ಪ್ರಶ್ನೆಗೆ ಉತ್ತರ ಕೊಡುವುದು ಶೈಕ್ಷಣಿಕ ಮಾರ್ಗದರ್ಶನ. ನಲವತ್ತು ಮಕ್ಕಳನ್ನು ಒಟ್ಟಿಗೆ ಕೂಡಿಸಿ ಕೊಡಬಹುದು, ಯಾವ ಶಿಕ್ಷಕರೂ ಮಾಡಬಹುದು. ಮಾಹಿತಿಯೆಲ್ಲ ಗೊತ್ತಿದ್ದೂ ಮಗುವಿಗೆ ತೀರ್ಮಾನಕ್ಕೆ ಬರಲು ಆಗದಿದ್ದರೆ ಒಳಗೆ ಏನೋ ತಡೆಯುತ್ತಿದೆ. ಅದನ್ನು ಅದರ ಬಾಯಲ್ಲೇ ಹೊರಗೆ ತರುವುದು ಆಪ್ತಸಮಾಲೋಚನೆ. ಅದು ಒಬ್ಬರಿಗೆ ಒಬ್ಬರು ಕೂತು ಆಗುವ ಕೆಲಸ, ಅದಕ್ಕೆ ತರಬೇತಿ ಬೇಕು. ಆದರೂ ಅದರ ಮೊದಲ ಪಾಠವಾದ ಕೇಳಿಸಿಕೊಳ್ಳುವುದನ್ನು ಅಪ್ಪ-ಅವ್ವ, ಶಿಕ್ಷಕರು ಎಲ್ಲರೂ ಕಲಿಯಬಹುದು.

ಹೆಚ್ಚಿನವರು ಎಡವುವುದು ಇಲ್ಲೇ. ಅಂಜಿದ ಮಗುವಿನ ಕೈಗೆ ಕೋರ್ಸುಗಳ ಪಟ್ಟಿ ಕೊಟ್ಟು ಕಳಿಸುತ್ತಾರೆ.

2. ಮಗು ಯಾವ ಘಟ್ಟದಲ್ಲಿದೆ ನೋಡಿ

ಅಮೆರಿಕದ ಅರ್ಥಶಾಸ್ತ್ರಜ್ಞ ಎಲಿ ಗಿನ್ಸ್‌ಬರ್ಗ್ ಮತ್ತು ಸಂಗಡಿಗರು 1951ರಲ್ಲಿ ಹೇಳಿದ ಪ್ರಕಾರ ಹನ್ನೊಂದು ವರ್ಷ ವಯಸ್ಸಿನವರೆಗೆ ವೃತ್ತಿಯೆಂಬುದು ಬರೀ ಕಲ್ಪನೆ. ಹನ್ನೊಂದರಿಂದ ಹದಿನೇಳರವರೆಗೆ ತಾತ್ಕಾಲಿಕ ಆಯ್ಕೆಯ ಕಾಲ. ಅದರೊಳಗೆ ಮೊದಲು ಆಸಕ್ತಿ, 13-14ಕ್ಕೆ ಸಾಮರ್ಥ್ಯದ ಅರಿವು, 15-16ಕ್ಕೆ ಮೌಲ್ಯ, 17ರ ಸುಮಾರಿಗೆ ವಾಸ್ತವದ ಕಡೆ ಹೊರಳುವುದು. ಆಮೇಲೆ ವಾಸ್ತವ ಆಯ್ಕೆಯ ಕಾಲ. ಅಂದರೆ ಮಗು ತನಗೆ ಯಾವುದು ಮುಖ್ಯ ಎಂದು ಇನ್ನೂ ತೂಗಿ ನೋಡುತ್ತಿರುವಾಗಲೇ ನಾವು ವಾರದೊಳಗೆ ಕಾಂಬಿನೇಷನ್ ಹೇಳು ಅನ್ನುತ್ತೇವೆ.

ವಯಸ್ಸಿನ ಲೆಕ್ಕಕ್ಕಿಂತ ಮಗುವಿನ ಮಾತನ್ನು ನಂಬಿ. ‘ನಂಗ ಅದು ಭಾಳ ಸೇರ್ತದ್ರಿ’ ಅಂದರೆ ಆಸಕ್ತಿಯ ಘಟ್ಟ. ‘ನಂಗ ಗಣಿತ ಬರಂಗಿಲ್ರಿ’ ಅಂದರೆ ಸಾಮರ್ಥ್ಯದ್ದು. ‘ಆದ್ರ ಮನ್ಯಾಗ...’ ಎಂದು ತಡೆದು ನಿಂತರೆ ಮೌಲ್ಯದ್ದು. ‘ಎಷ್ಟು ವರ್ಷ, ಫೀ ಎಷ್ಟು?’ ಎಂದು ತಾನೇ ಕೇಳಿದರೆ ವಾಸ್ತವಕ್ಕೆ ಹೊರಳಿದೆ. ಗಿನ್ಸ್‌ಬರ್ಗ್ ತಂಡ ಮುಖ್ಯವಾಗಿ ನೋಡಿದ್ದು ಉಳ್ಳವರ ಮನೆಯ ಹುಡುಗರನ್ನು. ತೊಗರಿ ರಾಶಿಗೆ ಅಪ್ಪನ ಜೊತೆ ಹೊಲಕ್ಕೆ ಹೋಗುವ ನಮ್ಮ ಮಕ್ಕಳಿಗೆ ಮನೆಯ ಚಿಂತೆ ಹನ್ನೆರಡಕ್ಕೇ ಬಂದಿರುತ್ತದೆ.

ಬೆರಳಚ್ಚು ತೆಗೆದು ಮಗುವಿನ ವೃತ್ತಿ ಹೇಳುತ್ತೇವೆ ಎನ್ನುವ ಡಿಎಂಐಟಿ ಪರೀಕ್ಷೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ.

3. ಕೂತು ಕೇಳಿ

ಕಷ್ಟದ ಹಂತ ಇದೇ. ಇದಕ್ಕೆ ಕನಿಷ್ಠ ಮೂರು ಭೇಟಿ ಇಟ್ಟುಕೊಳ್ಳಿ, ಒಂದೊಂದಕ್ಕೆ ಮುಕ್ಕಾಲು ಗಂಟೆ. ಸ್ಟಾಫ್ ರೂಮಿನಲ್ಲಿ ಬೇಡ. ನಾನು ವರಾಂಡದ ತುದಿಯಲ್ಲಿ, ಎಲ್ಲರಿಗೂ ಕಾಣುವಂತೆ ಆದರೆ ಮಾತು ಕೇಳಿಸದಷ್ಟು ದೂರದಲ್ಲಿ ಕೂರುತ್ತೇನೆ. ಎದುರಾಬದುರು ಕೂತರೆ ಮಗುವಿಗೆ ವಿಚಾರಣೆಯಂತೆ ಅನ್ನಿಸುತ್ತದೆ, ಪಕ್ಕದಲ್ಲಿ ಕೂರಿ.

ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರ ಹುಡುಗ, ಕನ್ನಡ ಮಾಧ್ಯಮ. 625ಕ್ಕೆ 459. ಕನ್ನಡ 112, ಸಮಾಜ 90, ಹಿಂದಿ 84, ವಿಜ್ಞಾನ 66, ಇಂಗ್ಲಿಷ್ 58, ಗಣಿತ 49. ದೊಡ್ಡ ಊರಿನ ವಸತಿ ಕಾಲೇಜಿನಲ್ಲಿ ವಿಜ್ಞಾನ ಓದಿಸಬೇಕೆಂದು ಅಪ್ಪನ ಆಸೆ. ‘ಏನ್ ಓದ್ತಿಯೋ?’ ಅಂದರೆ ‘ಅಪ್ಪ ಹೇಳ್ದಂಗ್ರಿ ಸರ್’. ಮೊದಲ ಭೇಟಿಯಲ್ಲಿ ಅದರಾಚೆ ಒಂದು ಮಾತೂ ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಎರಡನೆಯ ಸಲ ಓದಿನ ಮಾತೇ ಎತ್ತದೆ, ರಜೆಯಲ್ಲಿ ಏನು ಮಾಡಿದಿ ಎಂದು ಕೇಳಿದೆ. ಮಾವನ ಜೊತೆ ಪಂಪ್‌ಸೆಟ್ ಮೋಟಾರು ಬಿಚ್ಚಿ ವೈಂಡಿಂಗ್ ಮಾಡಿದ್ದನ್ನು ಹತ್ತು ನಿಮಿಷ ಹೇಳಿದ. ತಾಮ್ರದ ತಂತಿ ಸುತ್ತುವುದನ್ನು ಕೈಯಲ್ಲೇ ಮಾಡಿ ತೋರಿಸಿದ. ‘ಹಂಗಾದ್ರ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡು’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಳ್ಳಬೇಕು. ಆಗಲೇ ಪರಿಹಾರ ಹೇಳಿಬಿಟ್ಟರೆ ಹುಡುಗ ಅದಕ್ಕೂ ‘ಹೂಂರಿ’ ಅಂದು ಎದ್ದು ಹೋಗುತ್ತಾನೆ, ಅಪ್ಪನಿಗೆ ಹೇಳಿದ ಹಾಗೆ.

ಅವನು ಹೇಳಿದ್ದನ್ನೇ ತಿರುಗಿ ಹೇಳಿದೆ: ‘ಕೆಲಸ ಸೇರ್ತದ, ಆದ್ರ ಕಾಲೇಜು ಅಂದ್ರ ಸುಮ್ಮನಾಗ್ತಿ.’ ಆಮೇಲೆ ನಾನೂ ಸುಮ್ಮನಾದೆ. ಈ ಮೌನ ಹಿರಿಯರಿಗೆ ತಡೆಯಲಾಗುವುದಿಲ್ಲ, ಒಂದು ನಿಮಿಷವೂ ಹತ್ತು ನಿಮಿಷದಂತೆ ಕಾಣುತ್ತದೆ. ತಡೆಯಿರಿ. ಕಡೆಗೆ ಅವನೇ ಅಂದ, ‘ಅಲ್ಲಿ ಎಲ್ಲಾ ಇಂಗ್ಲಿಷಿನ್ಯಾಗ ಹೇಳ್ತಾರ್ರಿ. ಫೇಲಾದ್ರ ಅಪ್ಪನ ಸಾಲ ಹಂಗೇ ಉಳೀತದ್ರಿ.’

ಅಂಜಿಕೆ ಎರಡು, ಇಂಗ್ಲಿಷಿನದು ಒಂದು, ಸಾಲದ್ದು ಇನ್ನೊಂದು. ಡಿಪ್ಲೊಮಾ ಪಾಠಕ್ಕೂ ಇಂಗ್ಲಿಷ್ ಬೇಕೇ ಬೇಕಲ್ಲ. ನಾನು ಮೊದಲೇ ಸಲಹೆ ಕೊಟ್ಟಿದ್ದರೆ ಅದೇ ಅಂಜಿಕೆಯನ್ನು ಹೊತ್ತು ಅಲ್ಲಿಗೂ ಹೋಗುತ್ತಿದ್ದ. ಇಂಥ ಮಾತನ್ನು ಮಗುವನ್ನು ಕೇಳದೆ ಅಪ್ಪನಿಗೆ ಹೇಳಬೇಡಿ. ನಾನು ಕೇಳಿದೆ, ಅವನು ಹೂಂ ಅಂದ ಮೇಲೆಯೇ ಹೇಳಿದೆ.

ಮಗು ನಿದ್ದೆ-ಊಟ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ನೀವೇ ಸಂಭಾಳಿಸಲು ಹೋಗಬೇಡಿ. ಒಂಟಿಯಾಗಿ ಬಿಡದೆ, ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

4. ಸಾಮರ್ಥ್ಯವನ್ನು ಉತ್ತರಪತ್ರಿಕೆಯಲ್ಲಿ ನೋಡಿ

ಬರೀ ಒಟ್ಟು ಅಂಕದಿಂದ ಏನೂ ತಿಳಿಯುವುದಿಲ್ಲ. ಆ ಜೇವರ್ಗಿ ಕಡೆಯ ಹುಡುಗನ ಗಣಿತದ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಇಬ್ಬರೂ ಕೂತು ತೆರೆದೆವು. ರಚನೆ, ನಕ್ಷೆ, ಸಮೀಕರಣ ಸರಿ ಇದ್ದವು. ಅಂಕ ಹೋದದ್ದು ಪ್ರಮೇಯದ ಸಾಧನೆಯಲ್ಲಿ ಮತ್ತು ಉದ್ದುದ್ದ ವಾಕ್ಯದ ಲೆಕ್ಕಗಳಲ್ಲಿ. ಇದು ತಿದ್ದಬಹುದಾದ ಕೊರತೆ.

5. ಈಗ ಮಾಹಿತಿ ಕೊಡಿ

ಮೂರನೆಯ ಭೇಟಿಗೆ ಅಪ್ಪನನ್ನೂ ಕರೆದೆ. ಹಾಳೆಯ ಮೇಲೆ ಮೂರೇ ದಾರಿ ಬರೆದೆ: ಪಿಯು ವಿಜ್ಞಾನ, ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್, ಮೂರು ವರ್ಷದ ಎಲೆಕ್ಟ್ರಿಕಲ್ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದು ನೇರ ಎರಡನೆಯ ವರ್ಷದ ಬಿಇ. ಮೂರಕ್ಕಿಂತ ಹೆಚ್ಚು ಬರೆಯಬೇಡಿ. ಒಂದೊಂದರ ಮುಂದೆ ಖರ್ಚು, ಬೋಧನೆಯ ಭಾಷೆ, ನಡುವೆ ಬಿಟ್ಟರೆ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ಹುಡುಗನ ಕೈಯಲ್ಲೇ ಬರೆಸಿ.

ಕಲ್ಯಾಣ ಕರ್ನಾಟಕದವರಿಗೆ ಕೊಡುವ 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಇದೇ ಹೊತ್ತಿಗೆ ಮಾಡಿಸಿಡಿ. ಅದನ್ನು ಕೊಡುವವರು ಸಹಾಯಕ ಆಯುಕ್ತರು. ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ 70% ಸೀಟು ಮೀಸಲಿದ್ದೂ, ಪ್ರವೇಶದ ವಾರದಲ್ಲಿ ಈ ಪತ್ರಕ್ಕಾಗಿ ಓಡಾಡಿ ಸೀಟು ಕಳಕೊಂಡವರನ್ನು ಕಂಡಿದ್ದೇನೆ.

ಅಪ್ಪ ಹಾಳೆಯನ್ನು ಬಹಳ ಹೊತ್ತು ನೋಡಿ, ‘ನೀ ನಂಗ ಮೊದ್ಲೇ ಯಾಕ ಹೇಳ್ಲಿಲ್ಲಪಾ?’ ಎಂದು ಮಗನನ್ನು ಕೇಳಿದ. ಹುಡುಗ ಸರ್ಕಾರಿ ಪಾಲಿಟೆಕ್ನಿಕ್‌ಗೆ ಅರ್ಜಿ ಹಾಕಿದ. ತರಗತಿ ಶುರುವಾಗುವವರೆಗೆ ದಿನಾ ಸಂಜೆ ವಿಜ್ಞಾನ ಪುಸ್ತಕದ ಒಂದು ಪುಟವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಓದುವುದೆಂದು ಮಾತಾಯಿತು. ಮೊದಲು ಅವನೇ ಆರಿಸಿಕೊಂಡ ಪಾಠ ವಿದ್ಯುತ್ ಮೋಟಾರಿನದು.