ತಿಂಗಳಿಗೆ 5,000 ಇನ್‌ಕ್ರಿಮೆಂಟ್, ಕೈಗೆ ಉಳಿಯೋದು ವರ್ಷಕ್ಕೆ 3,840

2025-26ರಲ್ಲಿ ನನ್ನ ವರ್ಷದ ಸಂಬಳ 12,60,000ದಿಂದ 13,20,000ಕ್ಕೆ ಏರಿತು. ಇನ್‌ಕ್ರಿಮೆಂಟ್ ಪತ್ರ ಕೈಗೆ ಬಂದ ಕೂಡಲೇ ತೆರಿಗೆ ಲೆಕ್ಕ ಹಾಕಿದೆ. ಆ ವರ್ಷ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇರಲಿಲ್ಲ, ನಾನು ಅದರ ಪಕ್ಕದಲ್ಲೇ ಇದ್ದೆ.

ಈ 12 ಲಕ್ಷ ಅನ್ನೋದು ಸ್ಲ್ಯಾಬ್ ಅಲ್ಲ. ಸ್ಲ್ಯಾಬ್ ಪ್ರಕಾರ ತೆರಿಗೆ ಇಲ್ಲದ್ದು ಮೊದಲ 4 ಲಕ್ಷಕ್ಕೆ ಮಾತ್ರ. ಆಮೇಲೆ 8 ಲಕ್ಷದವರೆಗೆ 5%, 12 ಲಕ್ಷದವರೆಗೆ 10%, 16 ಲಕ್ಷದವರೆಗೆ 15%. ಹೀಗೆ 12 ಲಕ್ಷಕ್ಕೆ 60,000 ತೆರಿಗೆ ಆಗುತ್ತದೆ. ಅಷ್ಟನ್ನೂ 87ಎ ರಿಬೇಟ್ ಮನ್ನಾ ಮಾಡುತ್ತಿತ್ತು. ಆದಾಯ 12 ಲಕ್ಷ ದಾಟಿದರೆ ರಿಬೇಟ್ ಹೋಯಿತು, ಪೂರ್ತಿ 60,000 ವಾಪಸ್ ತಲೆ ಮೇಲೆ. ನೂರು ರೂಪಾಯಿ ಜಾಸ್ತಿ ದುಡಿದಿದ್ದಕ್ಕೆ 60,000 ಕಟ್ಟು ಅನ್ನೋದು ಅನ್ಯಾಯ ಅಲ್ವಾ? ಅದಕ್ಕೇ ಮಾರ್ಜಿನಲ್ ರಿಲೀಫ್ ಇದೆ: 12 ಲಕ್ಷದ ಮೇಲೆ ಎಷ್ಟು ಹೆಚ್ಚಿದೆಯೋ, ತೆರಿಗೆ ಅದಕ್ಕಿಂತ ಜಾಸ್ತಿ ಆಗಬಾರದು.

ನನ್ನ ಲೆಕ್ಕ ಹೀಗಿತ್ತು. ಸಂಬಳ 13,20,000ರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 12,45,000. ಅದಕ್ಕೆ ಎಫ್‌ಡಿ ಬಡ್ಡಿ 9,000 ಸೇರಿಸಿದರೆ 12,54,000. ಸ್ಲ್ಯಾಬ್ ಪ್ರಕಾರ ತೆರಿಗೆ 68,100. ಆದರೆ ಮಿತಿ ದಾಟಿರುವುದು 54,000 ಮಾತ್ರ, ಹಾಗಾಗಿ 14,100 ರಿಲೀಫ್ ಸಿಕ್ಕಿ ತೆರಿಗೆ 54,000ಕ್ಕೆ ನಿಲ್ಲುತ್ತದೆ. ಅಲ್ಲಿಗೇ ಮುಗಿಯಲಿಲ್ಲ. 4% ಸೆಸ್ ಹಾಕುವುದು ರಿಲೀಫ್ ಕಳೆದ ಮೇಲೆ, ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಒಟ್ಟು 56,160. ಹಳೆ ಸಂಬಳದಲ್ಲಿ ಬಡ್ಡಿ ಸೇರಿಸಿದರೂ ಆದಾಯ 11,94,000, ತೆರಿಗೆ ಸೊನ್ನೆ ಇತ್ತು. ಅಂದರೆ 60,000 ಇನ್‌ಕ್ರಿಮೆಂಟಿನಲ್ಲಿ ನನಗೆ ಉಳಿಯುತ್ತಿದ್ದದ್ದು 3,840 ರೂಪಾಯಿ!

ರಿಲೀಫ್ ಎಲ್ಲಿಯವರೆಗೆ ಸಿಗುತ್ತದೆ ಅಂತಲೂ ನೋಡಿದೆ. ಆದಾಯ ಸುಮಾರು 12,70,588 ಆದಾಗ ಸ್ಲ್ಯಾಬ್ ತೆರಿಗೆಯೂ 12 ಲಕ್ಷದ ಮೇಲಿನ ಹೆಚ್ಚುವರಿಯೂ ಸಮ ಆಗುತ್ತವೆ. ಬೇರೆ ಆದಾಯ ಇಲ್ಲದವರಿಗೆ ಅದು 13,45,588ರ ಸಂಬಳ. ಹಾಗಾಗಿ 12,75,000ದಿಂದ ಅಲ್ಲಿಯವರೆಗಿನ ಸಂಬಳದಲ್ಲಿ ಹೆಚ್ಚಿಗೆ ಬಂದ ಪ್ರತಿ ರೂಪಾಯಿಗೆ ಸೆಸ್ ಸೇರಿ 1 ರೂಪಾಯಿ 4 ಪೈಸೆ ಹೋಗುತ್ತದೆ. ರಿಲೀಫ್ ಅಂತ ಹೆಸರೇನೋ ಚೆನ್ನಾಗಿದೆ.

ಹೊಸ ಪದ್ಧತಿಯಲ್ಲಿ ಆದಾಯ ಇಳಿಸುವ ದಾರಿಗಳು ಕಮ್ಮಿ. ನಾವು ಕಟ್ಟುವ ಪಿಎಫ್, ಎಲ್‌ಐಸಿ, ಮನೆ ಬಾಡಿಗೆ, ವೃತ್ತಿ ತೆರಿಗೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ನಾವೇ ಎನ್‌ಪಿಎಸ್ ಅನ್ನೋ ಪಿಂಚಣಿ ಯೋಜನೆಗೆ ಹಾಕಿದರೂ ಪ್ರಯೋಜನ ಇಲ್ಲ. ಆದರೆ ಕಂಪನಿ ನಮ್ಮ ಎನ್‌ಪಿಎಸ್ ಖಾತೆಗೆ ಕಟ್ಟುವ ಹಣಕ್ಕೆ 80ಸಿಸಿಡಿ(2) ಅಡಿ ವಿನಾಯಿತಿ ಇತ್ತು, ಬೇಸಿಕ್ ಮತ್ತು ಡಿಎಯ 14%ವರೆಗೆ. ನನ್ನ ಬೇಸಿಕ್ ತಿಂಗಳಿಗೆ 45,000, ಡಿಎ ಇಲ್ಲ. ಹಾಗಾಗಿ ತಿಂಗಳಿಗೆ 6,300ವರೆಗೆ ಅವಕಾಶ ಇತ್ತು.

ಎಚ್‌ಆರ್‌ಗೆ ಬರೆದೆ: ಹೆಚ್ಚಿಸಿರುವ 5,000ವನ್ನು ಸಂಬಳವಾಗಿ ಕೊಡಬೇಡಿ, ಕಂಪನಿಯ ಪಾಲು ಅಂತ ಎನ್‌ಪಿಎಸ್‌ಗೆ ಕಟ್ಟಿ. ನಮ್ಮಲ್ಲಿ ಆ ವ್ಯವಸ್ಥೆ ಮೊದಲೇ ಇತ್ತು, ಏಪ್ರಿಲ್‌ನಿಂದಲೇ ಶುರುವಾಯಿತು. ಕಂಪನಿ ಎನ್‌ಪಿಎಸ್‌ಗೆ ಸೇರಿಲ್ಲದಿದ್ದರೆ ಈ ದಾರಿ ಇಲ್ಲ. ಆ 60,000 ಮೊದಲು ಸಂಬಳಕ್ಕೆ ಸೇರುತ್ತದೆ, ಆಮೇಲೆ ಡಿಡಕ್ಷನ್ ಆಗಿ ಕಳೆಯುತ್ತದೆ. ಆದಾಯ ಮತ್ತೆ 11,94,000, ತೆರಿಗೆ ಸೊನ್ನೆ. ಕೈಗೆ ಬರುವ ಹಣದಲ್ಲಿ ವರ್ಷಕ್ಕೆ 3,840 ಕಮ್ಮಿ ಆಯಿತು, ಬದಲಿಗೆ ಎನ್‌ಪಿಎಸ್‌ನಲ್ಲಿ 60,000 ಕೂತಿತು. ಎನ್‌ಪಿಎಸ್ ಹಣ ಬೇಕಾದಾಗ ತೆಗೆಯುವಂಥದ್ದಲ್ಲ, ಅದು ನಿಜ. ಆದರೆ ಇಲ್ಲಿ ನಾನು ಕಟ್ಟಿಹಾಕಿದ್ದು ಹೇಗೂ ತೆರಿಗೆಗೆ ಹೋಗುತ್ತಿದ್ದ ಹಣವನ್ನು.

ಆ ವರ್ಷದ ಫಾರ್ಮ್ 16ರ ಭಾಗ ಬಿಯಲ್ಲಿ ನಾನು ನೋಡುವುದು 80ಸಿಸಿಡಿ(2) ಸಾಲು. ಅಲ್ಲಿ 60,000 ಕಾಣದಿದ್ದರೆ ಆ ಹಣ ಬರೀ ಸಂಬಳವಾಗಿಯೇ ಉಳಿದಿದೆ ಅಂತ ಅರ್ಥ. ರಿಲೀಫ್ ವಲಯದಲ್ಲೇ ಉಳಿದ ನನ್ನ ಸಹೋದ್ಯೋಗಿಯೊಬ್ಬರಿಗೆ ಬೇರೆ ತೊಂದರೆ ಆಯಿತು. ಅವರ ಆದಾಯ 12,10,000. ಟಿಡಿಎಸ್ ಲೆಕ್ಕದಲ್ಲಿ ರಿಲೀಫ್ ಹಾಕದೆ 61,500ರ ಮೇಲೆ ಸೆಸ್ ಸೇರಿಸಿ 63,960 ತೋರಿಸಿದ್ದರು, ಬರಬೇಕಾದದ್ದು 10,400. ಪೇಸ್ಲಿಪ್ ಜೊತೆ ಕೊಡುವ ತೆರಿಗೆ ಲೆಕ್ಕದ ಹಾಳೆಯಲ್ಲಿ ಮಾರ್ಜಿನಲ್ ರಿಲೀಫ್ ಸಾಲೇ ಇರಲಿಲ್ಲ. ವರ್ಷದ ಮಧ್ಯದಲ್ಲೇ ಕೇಳಿದ್ದರಿಂದ ಸರಿ ಮಾಡಿದರು, ಇಲ್ಲದಿದ್ದರೆ ರಿಟರ್ನ್ ಹಾಕಿ ರೀಫಂಡ್‌ಗೆ ಕಾಯಬೇಕಿತ್ತು.

ನನಗೆ 12 ಲಕ್ಷಕ್ಕೆ ಇದ್ದ ಅಂತರ 6,000 ಮಾತ್ರ. ಉಳಿತಾಯ ಖಾತೆಯ ಬಡ್ಡಿ, ಡಿವಿಡೆಂಡ್ ಎಲ್ಲ ಇದರೊಳಗೇ ಬರಬೇಕಿತ್ತು. ಹಾಗಾಗಿ ಡಿಸೆಂಬರ್‌ನಲ್ಲಿ ಬ್ಯಾಂಕಿನ ಬಡ್ಡಿಯನ್ನು ಕೂಡಿಸಿ ನೋಡಿದೆ. ಮಿತಿ ಮೀರುವ ಹಾಗಿದ್ದರೆ ಉಳಿದ ತಿಂಗಳುಗಳಿಗೆ ಎನ್‌ಪಿಎಸ್ ಕಂತನ್ನು 6,300ಕ್ಕೆ ಏರಿಸಿ ಅಂತ ಜನವರಿ ಸಂಬಳಕ್ಕೆ ಮೊದಲೇ ಎಚ್‌ಆರ್‌ಗೆ ಹೇಳಬೇಕಿತ್ತು.