4G+ ಇದ್ದರೂ ವೇಗ ಇಲ್ಲವೇ? ಕಾಗದ, ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ

ನಮ್ಮ ಮನೆಯ ಹಜಾರದ ಕಿಟಕಿ ಕಟ್ಟೆಯ ಮೇಲೆ ಫೋನ್ ಇಟ್ಟರೆ ಪರದೆಯ ಮೇಲ್ತುದಿಯಲ್ಲಿ 4G+ ಎಂದು ಕಾಣುತ್ತದೆ. ಅದನ್ನೇ ಎತ್ತಿಕೊಂಡು ಅಡುಗೆಮನೆಗೆ ಹೋದರೆ ಪ್ಲಸ್ ಮಾಯ, ಬರೀ 4G. ಹಾಗಂತ ಪ್ಲಸ್ ಇದ್ದಾಗಲೆಲ್ಲ ವೇಗ ಇರುತ್ತದೆ ಎಂದೇನಲ್ಲ. ರಾತ್ರಿ ಒಂಬತ್ತಕ್ಕೆ ಅದೇ ಕಿಟಕಿಯಲ್ಲಿ, ಪ್ಲಸ್ ಕಾಣುತ್ತಿರುವಾಗಲೇ, 12 ಎಂಬಿಪಿಎಸ್‌ಗೆ ಇಳಿದದ್ದನ್ನು ನೋಡಿದ್ದೇನೆ. ಆ ಪ್ಲಸ್ ಚಿಹ್ನೆಯ ಹಿಂದೆ ಕ್ಯಾರಿಯರ್ ಅಗ್ರಿಗೇಷನ್ ಇದೆ. ಯಾವ ಚಿಹ್ನೆಯೂ ಇಲ್ಲದೆ ಕೆಲಸ ಮಾಡುವ ಇನ್ನೊಂದು ತಂತ್ರ, ಹಲವು ಆಂಟೆನಾಗಳನ್ನು ಒಟ್ಟಿಗೆ ದುಡಿಸುವ ಮೈಮೊ. ನಿಮ್ಮ ಫೋನಿಗೆ ಇವೆರಡರಿಂದ ಎಷ್ಟು ದಕ್ಕಬೇಕು ಎಂಬುದನ್ನು ನೀವೇ ಲೆಕ್ಕ ಹಾಕಬಹುದು.

ಮೊದಲು, ತುಂಡುಗಳನ್ನು ಗುರುತಿಸಿ

4Gಯ ಒಂದು ಚಾನೆಲ್ ಹೆಚ್ಚೆಂದರೆ 20 ಮೆಗಾಹರ್ಟ್ಸ್ ಅಗಲ ಇರಬಹುದು. ನಮ್ಮಲ್ಲಿ ಸ್ಪೆಕ್ಟ್ರಂ ಹರಾಜಾಗುವುದು ಟೆಲಿಕಾಂ ವೃತ್ತಗಳ ಲೆಕ್ಕದಲ್ಲಿ, ಬೇರೆ ಬೇರೆ ವರ್ಷಗಳಲ್ಲಿ. ಹಾಗಾಗಿ ಕಂಪನಿಗಳ ಕೈಯಲ್ಲಿರುವುದು ಪಿತ್ರಾರ್ಜಿತ ಹೊಲದಂಥ ಚೂರುಪಾರು: 850 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಇಷ್ಟು, 1800ರಲ್ಲಿ ಅಷ್ಟು, 2300ರಲ್ಲಿ ಇನ್ನಷ್ಟು. ಈ ಚೂರುಗಳನ್ನು ಅವು ಇದ್ದಲ್ಲೇ ಬಿಟ್ಟು, ಒಬ್ಬನೇ ಗ್ರಾಹಕನಿಗೆ ಏಕಕಾಲಕ್ಕೆ ಎರಡು ಮೂರರಿಂದ ಡೇಟಾ ಕೊಡುವುದೇ ಕ್ಯಾರಿಯರ್ ಅಗ್ರಿಗೇಷನ್.

ಆಂಡ್ರಾಯ್ಡ್‌ನಲ್ಲಿ NetMonster ಆ್ಯಪ್ ಹಾಕಿಕೊಂಡರೆ B3, B5, B40 ಎಂಬಂಥ ಹೆಸರುಗಳು ಕಾಣುತ್ತವೆ. B3 ಎಂದರೆ 1800, B5 ಎಂದರೆ 850, B40 ಎಂದರೆ 2300 ಮೆಗಾಹರ್ಟ್ಸ್. ಕೆಲವು ಫೋನುಗಳಲ್ಲಿ ಚಾನೆಲಿನ ಅಗಲ ಮತ್ತು ಜೊತೆಗೂಡಿದ ಚಾನೆಲ್‌ಗಳೂ ಕಾಣುತ್ತವೆ, ಕೆಲವು ಮುಖ್ಯ ಚಾನೆಲನ್ನಷ್ಟೇ ತೋರಿಸಿ ಸುಮ್ಮನಾಗುತ್ತವೆ. ಐಫೋನ್ ಇದ್ದವರು `*3001#12345#*` ಡಯಲ್ ಮಾಡಿ ನೋಡಿ. ನಮ್ಮ ಕಿಟಕಿಯಲ್ಲಿ ಸಿಕ್ಕಿದ್ದು 850ರಲ್ಲಿ 5, 1800ರಲ್ಲಿ 10, 2300ರಲ್ಲಿ 20 ಮೆಗಾಹರ್ಟ್ಸ್.

ಒಂದು ತುಂಡಿಗೆ ಎಷ್ಟು?

5 ಮೆಗಾಹರ್ಟ್ಸ್ ಚಾನೆಲಿನಲ್ಲಿ 300 ಸಣ್ಣ ಎಳೆಗಳಿರುತ್ತವೆ. ಪ್ರತಿ ಎಳೆಯ ಮೇಲೆ ಟವರ್ ಸೆಕೆಂಡಿಗೆ 14,000 ಸಂಕೇತ ಕಳಿಸುತ್ತದೆ. ಒಟ್ಟು 42 ಲಕ್ಷ. ಸಿಗ್ನಲ್ ಚೆನ್ನಾಗಿದ್ದರೆ ಒಂದೊಂದು ಸಂಕೇತದಲ್ಲಿ 6 ಬಿಟ್ ತುಂಬಬಹುದು, ಅಂದರೆ 2.52 ಕೋಟಿ ಬಿಟ್, 25 ಎಂಬಿಪಿಎಸ್. ಅದರಲ್ಲಿ ಕಾಲು ಭಾಗದಷ್ಟು ನೆಟ್‌ವರ್ಕ್‌ನ ಸ್ವಂತ ಖರ್ಚಿಗೆ ಹೋಗುತ್ತದೆ. ಉಳಿಯುವುದು ಸುಮಾರು 18.5. ಇದು ಒಂದೇ ಆಂಟೆನಾ ಲೆಕ್ಕ. ಹೊಸ ಫೋನುಗಳು ಟವರಿಗೆ ತೀರ ಹತ್ತಿರವಿದ್ದಾಗ ಸಂಕೇತಕ್ಕೆ 8 ಬಿಟ್ ತುಂಬಿಸಿಕೊಳ್ಳುತ್ತವೆ. ಅದನ್ನು ಸದ್ಯಕ್ಕೆ ಬಿಡೋಣ.

ಈಗ ಆಂಟೆನಾ

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಇದೇ. ಟವರಿನ ಎರಡು ಆಂಟೆನಾಗಳು ಒಂದೇ ಚಾನೆಲಿನಲ್ಲಿ, ಒಂದೇ ಕ್ಷಣದಲ್ಲಿ, ಎರಡು ಬೇರೆ ಬೇರೆ ಸಂಖ್ಯೆಗಳನ್ನು ಕೂಗುತ್ತವೆ ಎಂದುಕೊಳ್ಳಿ: ಕ ಮತ್ತು ಗ. ಗಾಳಿಯಲ್ಲಿ ಎರಡೂ ಕಲಸಿಹೋಗುತ್ತವೆ. ಫೋನಿನ ಮೇಲ್ತುದಿಯ ಆಂಟೆನಾಕ್ಕೆ 2ಕ + ಗ ಕೇಳಿಸುತ್ತದೆ, ಅದರ ಬೆಲೆ 11. ಕೆಳತುದಿಯದಕ್ಕೆ ಕೇಳಿಸುವುದು ಕ + 3ಗ, ಬೆಲೆ 18. ಹೈಸ್ಕೂಲಿನಲ್ಲಿ ಬಿಡಿಸಿದ ಏಕಕಾಲಿಕ ಸಮೀಕರಣವೇ ಇದು: ಕ 3, ಗ 5. ಈ 2, 1, 1, 3 ಎಂಬ ಗುಣಕಗಳು ಫೋನಿಗೆ ಗೊತ್ತಾಗುವುದು ಹೇಗೆ? ಪ್ರತಿ ಆಂಟೆನಾ ನಡುನಡುವೆ ಮೊದಲೇ ಗೊತ್ತುಮಾಡಿದ ಸಂಕೇತವೊಂದನ್ನು ಕಳಿಸುತ್ತದೆ. ಅದು ಎಷ್ಟು ಬದಲಾಗಿ ಬಂತು ಎಂದು ಅಳೆದರೆ ಗುಣಕ ಸಿಕ್ಕಿತು.

ಹೀಗೆ ಒಂದೇ ಚಾನೆಲಿನಲ್ಲಿ ಎರಡು ಪಟ್ಟು ಡೇಟಾ ಬರುತ್ತದೆ. ಆದರೆ ಎರಡು ಸಮೀಕರಣಗಳೂ ಹೆಚ್ಚುಕಡಿಮೆ ಒಂದೇ ಥರ ಇದ್ದರೆ? 21ಕ + 10ಗ = 113 ಮತ್ತು 20ಕ + 10ಗ = 110 ತೆಗೆದುಕೊಳ್ಳಿ. ಉತ್ತರ ಅದೇ 3 ಮತ್ತು 5. ಆದರೆ ಗದ್ದಲ ತುಸು ನುಗ್ಗಿ 113ರ ಬದಲು 114 ಕೇಳಿಸಿದರೆ ಉತ್ತರ 4 ಮತ್ತು 3 ಆಗಿಬಿಡುತ್ತದೆ. ಇಂಥ ಕಡೆ ಫೋನು ‘ಒಂದೇ ಸಾಕು’ ಎಂದು ಟವರಿಗೆ ವರದಿ ಕಳಿಸುತ್ತದೆ, ವೇಗ ಅರ್ಧಕ್ಕೆ ಇಳಿಯುತ್ತದೆ. ಗೋಡೆ, ಕಟ್ಟಡಗಳಿಗೆ ಬಡಿದು ಬೇರೆ ಬೇರೆ ದಾರಿಯಲ್ಲಿ ಬರುವ ಅಲೆಗಳು ಮೈಮೊಗೆ ಒಳ್ಳೆಯದು ಎನ್ನುವುದು ಇದಕ್ಕೇ. ಬಯಲಿನಲ್ಲೂ ಎರಡು ಧಾರೆ ಸಿಗಲಿ ಎಂದು ಟವರಿನ ಆಂಟೆನಾಗಳನ್ನು ಒಂದನ್ನು ಎಡಕ್ಕೆ 45 ಡಿಗ್ರಿ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿರುತ್ತಾರೆ.

ನಾಲ್ಕು ಆಂಟೆನಾ ಇದ್ದರೆ ನಾಲ್ಕು ಪಟ್ಟು ಆಗಬಹುದಲ್ಲ ಎನ್ನುವಿರಾ? 1800, 2300ರಂಥ ಮೇಲಿನ ಬ್ಯಾಂಡ್‌ಗಳಲ್ಲಿ ಒಳ್ಳೆಯ ಫೋನುಗಳು ಅದನ್ನು ಮಾಡುತ್ತವೆ. ಆದರೆ 850ರಲ್ಲಿ ಅಲೆಯ ಉದ್ದವೇ 35 ಸೆಂಟಿಮೀಟರ್, ಫೋನಿನ ಉದ್ದ 16ರ ಆಸುಪಾಸು. ಅಷ್ಟರಲ್ಲಿ ಒಂದಕ್ಕಿಂತ ಒಂದು ಭಿನ್ನವಾಗಿ ಕೇಳಿಸಿಕೊಳ್ಳುವ ನಾಲ್ಕು ಆಂಟೆನಾ ಕೂರಿಸಲು ಜಾಗವಿಲ್ಲ.

ಕೂಡಿಸಿ

ಎರಡು ಧಾರೆ ಸಿಕ್ಕರೆ 850ರ 5 ಮೆಗಾಹರ್ಟ್ಸ್‌ಗೆ 37 ಎಂಬಿಪಿಎಸ್, 1800ರ 10ಕ್ಕೆ 75. 2300ರ ಬ್ಯಾಂಡಿನಲ್ಲಿ ಡೌನ್‌ಲೋಡ್, ಅಪ್‌ಲೋಡ್ ಎರಡೂ ಒಂದೇ ಚಾನೆಲಿನಲ್ಲಿ ಸರದಿಯ ಮೇಲೆ ನಡೆಯುವುದರಿಂದ, ಡೌನ್‌ಲೋಡಿಗೆ ಮುಕ್ಕಾಲು ಪಾಲು ಸಮಯ ಸಿಗುತ್ತದೆ ಎಂದು ಹಿಡಿದರೆ 20ಕ್ಕೆ 150ರ ಬದಲು ಸುಮಾರು 110. ಒಟ್ಟು 222.

ಬೆಳಗಿನ ಜಾವ ಐದಕ್ಕೆ ಕಿಟಕಿಯಲ್ಲಿ ಸ್ಪೀಡ್ ಟೆಸ್ಟ್ ಮಾಡಿದಾಗ ನನಗೆ ಬಂದದ್ದು 130ರ ಸುಮಾರು. ಅಡುಗೆಮನೆಯಲ್ಲಿ 20. ಅಲ್ಲಿಗೆ 2300 ಮತ್ತು 1800 ಎರಡು ಗೋಡೆ ದಾಟಿ ಬರುವಷ್ಟರಲ್ಲಿ ಸೋತುಹೋಗಿರುತ್ತವೆ, ಉಳಿಯುವುದು 850ರ ಪುಟ್ಟ ಚಾನೆಲ್ ಒಂದೇ. ಅದರ ಗರಿಷ್ಠವೇ 37 ಎಂದ ಮೇಲೆ 20 ಬಂದರೆ ಬೈಯುವ ಹಾಗಿಲ್ಲ.

ರಾತ್ರಿ ಒಂಬತ್ತಕ್ಕೆ ಕಂಡ 12 ಎಂಬಿಪಿಎಸ್‌ನ ಕಥೆ ಬೇರೆ. ಚಾನೆಲ್‌ಗಳನ್ನು ಕೂಡಿಸಿದರೆ ಟವರಿನ ಒಟ್ಟು ಸಾಮರ್ಥ್ಯವೇನೂ ಹೆಚ್ಚುವುದಿಲ್ಲ. ಖಾಲಿ ಬಿದ್ದಿರುವ ಜಾಗವನ್ನು ಒಬ್ಬನೇ ಬಳಸಿಕೊಳ್ಳಲು ಅವಕಾಶ ಸಿಗುತ್ತದೆ, ಅಷ್ಟೆ. ಇಡೀ ಬಡಾವಣೆ ವಿಡಿಯೊ ನೋಡುತ್ತಿರುವಾಗ ಮೂರೂ ಚಾನೆಲ್‌ಗಳು ಭರ್ತಿ.

ಪರೀಕ್ಷೆ ಮಾಡುವಾಗ

ಸುಮ್ಮನಿರುವ ಫೋನಿನ ಚಿಹ್ನೆ ನೋಡಿ ತೀರ್ಮಾನಕ್ಕೆ ಬರಬೇಡಿ. ಫೋನು ಮೊದಲು ಒಂದು ಮುಖ್ಯ ಚಾನೆಲಿಗೆ ಅಂಟಿಕೊಂಡು, ತಾನು ಯಾವ ಯಾವ ಬ್ಯಾಂಡ್‌ಗಳನ್ನು ಜೊತೆಗೂಡಿಸಬಲ್ಲೆ ಎಂಬ ಪಟ್ಟಿಯನ್ನು ನೆಟ್‌ವರ್ಕ್‌ಗೆ ಕೊಟ್ಟಿರುತ್ತದೆ. ಕಳಿಸಬೇಕಾದ ಡೇಟಾ ರಾಶಿ ಬಿದ್ದಾಗ ಮಾತ್ರ ಟವರ್ ಉಳಿದ ಚಾನೆಲ್‌ಗಳನ್ನು ಚಾಲೂ ಮಾಡುತ್ತದೆ, ಕೆಲಸ ಮುಗಿದ ಮೇಲೆ ಆರಿಸುತ್ತದೆ. ಎಲ್ಲವನ್ನೂ ಸದಾ ಆಲಿಸುತ್ತಿದ್ದರೆ ಬ್ಯಾಟರಿ ಖಾಲಿಯಾಗುತ್ತದೆ. ದೊಡ್ಡ ಫೈಲೊಂದನ್ನು ಇಳಿಸಲು ಹಚ್ಚಿ ನೋಡಿ, ಎಷ್ಟೋ ಫೋನುಗಳಲ್ಲಿ 4G ಕಣ್ಣೆದುರೇ 4G+ ಆಗುತ್ತದೆ. ಪಟ್ಟಿಯಲ್ಲೇ ಇಲ್ಲದ ಜೋಡಿಯನ್ನು ಟವರ್ ಕೊಡುವುದಿಲ್ಲ. ಅಗ್ಗದ ಫೋನಿನಲ್ಲಿ ಪ್ಲಸ್ ಯಾವತ್ತೂ ಕಾಣದಿದ್ದರೆ ಕಾರಣ ಅದೇ ಇರಬಹುದು.

ಮೈಮೊಗೆ ಚಿಹ್ನೆ ಇಲ್ಲದ್ದರಿಂದ ಸುಳಿವು ಹುಡುಕಬೇಕು. ಜನ ಕಡಿಮೆ ಇರುವ ಹೊತ್ತಿನಲ್ಲಿ ಫೋನನ್ನು ಮೇಜಿನ ಮೇಲಿಟ್ಟು ಒಮ್ಮೆ ಅಳೆಯಿರಿ. ಆಮೇಲೆ ಗೇಮ್ ಆಡುವವರಂತೆ ಅಡ್ಡ ಹಿಡಿದು, ಎರಡೂ ತುದಿಗಳನ್ನು ಅಂಗೈಯಲ್ಲಿ ಮುಚ್ಚಿ ಮತ್ತೊಮ್ಮೆ. ಆಂಟೆನಾಗಳಿರುವುದು ಅಂಚುಗಳಲ್ಲೇ ಆದ್ದರಿಂದ ವ್ಯತ್ಯಾಸ ಕಾಣುವ ಸಾಧ್ಯತೆ ಹೆಚ್ಚು.

ಇನ್ನೊಂದು ಪತ್ತೆದಾರಿ: ಬೇಸ್‌ಮೆಂಟಿನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿದ್ದು ವೇಗ ಮಾತ್ರ ಅರ್ಧವೇ ಇದ್ದರೆ ಮೇಲೆ ಚಾವಣಿ ನೋಡಿ. ಒಂದೇ ಕೇಬಲಿಗೆ ಕಟ್ಟಿದ ಒಂಟಿ ಆಂಟೆನಾ ನೇತಾಡುತ್ತಿರಬಹುದು. ಕ, ಗ ಎರಡೂ ಆ ಒಂದೇ ತಂತಿಯೊಳಗೆ ಬೆರೆತು ಬಂದ ಮೇಲೆ ಫೋನಿನ ಎರಡು ಆಂಟೆನಾಗಳಿಗೂ ಕೇಳಿಸುವುದು ಒಂದೇ ಸಮೀಕರಣ. ಮನೆಗೆ ತಂದು ಹಾಕಿಕೊಳ್ಳುವ ಸಿಗ್ನಲ್ ಬೂಸ್ಟರ್‌ಗಳ ಪಾಡೂ ಸಾಮಾನ್ಯವಾಗಿ ಇದೇ. ಅನುಮತಿ ಇಲ್ಲದೆ ಅವನ್ನು ಹಾಕುವುದು ಕಾನೂನುಬಾಹಿರ ಬೇರೆ.