ಮೊದಲು ‘ಇಲ್ಲ’, ಆಮೇಲೆ ‘ಹೌದು’: ಮನಸ್ಸು ಬದಲಿಸಿದವರನ್ನು ಎಣಿಸುವುದು ಹೇಗೆ?

ತರಬೇತಿಗೆ ಮೊದಲು ಒಂದು ಪ್ರಶ್ನೆ ಕೇಳಿ, ಮುಗಿದ ಮೇಲೆ ಅದೇ ಜನರಿಗೆ ಅದೇ ಪ್ರಶ್ನೆ ಕೇಳುವ ಸಮೀಕ್ಷೆಗಳ ವರದಿಗಳನ್ನು ಓದುವಾಗ ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ‘ಮೊದಲು ನೂರಕ್ಕೆ 40, ಆಮೇಲೆ ನೂರಕ್ಕೆ 52’ ಎಂದು ಬರೆದು, ಎರಡನ್ನೂ ಬೇರೆ ಬೇರೆ ಗುಂಪುಗಳೆಂಬಂತೆ, ಗುಂಪುಗಳ ನಡುವಿನ ವ್ಯತ್ಯಾಸ ಆಕಸ್ಮಿಕವೇ ಎಂದು ನೋಡುವ ಸಾಮಾನ್ಯ ಕೈ-ಸ್ಕ್ವೇರ್ ಪರೀಕ್ಷೆಗೆ ಹಾಕಿಬಿಡುತ್ತಾರೆ. ಇರುವವರು ನೂರೇ ಮಂದಿಯಾದರೂ ಲೆಕ್ಕದಲ್ಲಿ ಇನ್ನೂರಾಗುತ್ತಾರೆ. ಇಂಥ ಜೋಡಿ ಉತ್ತರಗಳಿಗೆಂದೇ ಅಮೆರಿಕದ ಮನೋವಿಜ್ಞಾನಿ ಕ್ವಿನ್ ಮ್ಯಾಕ್‌ನೆಮಾರ್ 1947ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಅದಕ್ಕೆ ಕಾಗದ, ಪೆನ್ಸಿಲ್ ಸಾಕು.

ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಅಂಗನವಾಡಿಯಲ್ಲಿ ನೂರು ತಾಯಂದಿರಿಗೆ ‘ಭೇದಿಯಾಗುತ್ತಿರುವ ಮಗುವಿಗೆ ಎದೆಹಾಲು ಮುಂದುವರಿಸಬೇಕೇ?’ ಎಂದು ಕೇಳಿದ್ದೇವೆ. ಮಾಹಿತಿ ಸಭೆಯ ನಂತರ ಮತ್ತೆ ಕೇಳಿದ್ದೇವೆ. ಸರಿಯುತ್ತರ ‘ಹೌದು’.

ಮೊದಲ ಕೆಲಸ, ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆ ಕೊಟ್ಟು ಎರಡೂ ಹಾಳೆಗಳ ಮೇಲೆ ಬರೆಯುವುದು. ಹೆಸರನ್ನು ನಂಬಬೇಡಿ; ಒಂದೇ ಊರಿನಲ್ಲಿ ಒಂದೇ ಹೆಸರಿನವರು ನಾಲ್ವರಿರುತ್ತಾರೆ.

ಎರಡನೆಯದು ನಾಲ್ಕು ಮನೆಗಳ ಪಟ್ಟಿ. ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಮಾಡಿ. ಒಬ್ಬ ತಾಯಿಯ ಎರಡೂ ಹಾಳೆಗಳನ್ನು ಒಟ್ಟಿಗೆ ಹಿಡಿದು ಆಕೆಗೆ ಒಂದೇ ಒಂದು ಗೀಟು ಹಾಕಿ. ಎರಡು ಸಲವೂ ‘ಹೌದು’ ಎಂದವರು 34. ಎರಡು ಸಲವೂ ‘ಇಲ್ಲ’ ಎಂದವರು 42. ‘ಇಲ್ಲ’ದಿಂದ ‘ಹೌದು’ಗೆ ಬಂದವರು 18. ‘ಹೌದು’ ಬಿಟ್ಟು ‘ಇಲ್ಲ’ಕ್ಕೆ ಹೋದವರು 6. ನಾಲ್ಕನ್ನೂ ಕೂಡಿದರೆ ತಾಯಂದಿರ ಸಂಖ್ಯೆ 100 ಬರಬೇಕು. 200 ಬಂದರೆ ನೀವು ಹಾಳೆಗಳನ್ನು ಎಣಿಸಿದ್ದೀರಿ, ಜನರನ್ನಲ್ಲ. ಎರಡನೆಯ ಸಲ ಸಿಗದವರನ್ನು ಪಟ್ಟಿಗೆ ಸೇರಿಸುವಂತಿಲ್ಲ, ಆದರೆ ಅವರೆಷ್ಟು ಮಂದಿ ಎಂಬುದನ್ನು ವರದಿಯಲ್ಲಿ ಬರೆಯಲೇಬೇಕು.

40 ಮತ್ತು 52 ಎಂಬ ಮೊತ್ತಗಳಷ್ಟೇ ಕೈಯಲ್ಲಿದ್ದರೆ ಈ ನಾಲ್ಕು ಮನೆಗಳನ್ನು ತುಂಬಲು ಸಾಧ್ಯವೇ ಇಲ್ಲ. 40 ಮಂದಿ ಈ ಕಡೆಗೆ, 28 ಮಂದಿ ಆ ಕಡೆಗೆ ಬದಲಾಗಿದ್ದರೂ ಮೊತ್ತಗಳು ಅವೇ ಆಗಿರುತ್ತವೆ. ಬಿಡಿ ಹಾಳೆಗಳನ್ನು ಎಸೆದು ಶೇಕಡಾವಾರು ಮಾತ್ರ ಉಳಿಸಿಕೊಂಡವರಿಗೆ ಈ ಪರೀಕ್ಷೆ ಸಿಗುವುದಿಲ್ಲ.

ಇನ್ನು ಲೆಕ್ಕ. ಉತ್ತರ ಬದಲಿಸದ 76 ಮಂದಿಯನ್ನು ಬದಿಗಿಡಿ. ಬದಲಾವಣೆ ಯಾವ ಕಡೆಗೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ. ಬದಲಿಸಿದವರು 24. ಒಟ್ಟಾರೆ ಯಾವ ಕಡೆಗೂ ವಾಲಿಕೆ ಇಲ್ಲದಿದ್ದರೆ ಇವರು ನಾಣ್ಯ ಚಿಮ್ಮಿದಂತೆ ಹೆಚ್ಚುಕಡಿಮೆ 12–12 ಆಗಿ ಹಂಚಿಹೋಗಬೇಕಿತ್ತು. ಎರಡು ಸಂಖ್ಯೆಗಳ ವ್ಯತ್ಯಾಸವನ್ನು ವರ್ಗ ಮಾಡಿ, ಅವುಗಳ ಮೊತ್ತದಿಂದ ಭಾಗಿಸಿ:

```
(18 - 6)^2 / (18 + 6) = 144 / 24 = 6.0
```

ಇದು 3.84ಕ್ಕಿಂತ ಹೆಚ್ಚಾದರೆ, ಶೇ 5ರ ಮಟ್ಟದಲ್ಲಿ ಅದನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಇದೇ ಮಾಹಿತಿಯನ್ನು ಸಾಮಾನ್ಯ ಕೈ-ಸ್ಕ್ವೇರ್‌ಗೆ ಹಾಕಿದ್ದರೆ 2.90 ಬಂದು, ಸಭೆಯ ನಂತರ ಏನೂ ಬದಲಾಗಲಿಲ್ಲ ಎಂದು ಬರೆದುಬಿಡುತ್ತಿದ್ದೆವು. ಮೇಲಿನ 40–28ರ ಪಟ್ಟಿಗೆ ನಮ್ಮ ಸೂತ್ರ ಕೊಡುವುದು 144ನ್ನು 68ರಿಂದ ಭಾಗಿಸಿದ 2.12 ಮಾತ್ರ. ಶೇಕಡಾವಾರು ಅದೇ, ತೀರ್ಮಾನ ಬೇರೆ.

ಬದಲಿಸಿದವರು 25ಕ್ಕಿಂತ ಕಡಿಮೆಯಿದ್ದರೆ ಈ ಸೂತ್ರ ಒರಟು ಅಂದಾಜಷ್ಟೇ. ನಮ್ಮಲ್ಲಿ 24 ಇರುವುದರಿಂದ ನಾಣ್ಯ ಚಿಮ್ಮುವ ಸಂಭವವನ್ನು ನೇರವಾಗಿ ಲೆಕ್ಕಹಾಕುವ ನಿಖರವಾದ ದ್ವಿಪದ ಪರೀಕ್ಷೆಯನ್ನೇ ಮಾಡಿ. ಉಚಿತ ತಂತ್ರಾಂಶ ‘ಆರ್’ನಲ್ಲಿ ಒಂದು ಸಾಲು ಸಾಕು:

```
binom.test(6, 24)
```

ಪಿ ಮೌಲ್ಯ, ಅಂದರೆ ಯಾವ ಕಡೆಗೂ ವಾಲಿಕೆ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ, 0.023 ಬರುತ್ತದೆ, ಸೂತ್ರದಿಂದ ಬರುವ 0.014ಕ್ಕಿಂತ ತುಸು ಎಚ್ಚರಿಕೆಯ ಉತ್ತರ. ಅದೇ ತಂತ್ರಾಂಶದ `mcnemar.test` ತಾನಾಗಿಯೇ ವ್ಯತ್ಯಾಸದಿಂದ ಒಂದನ್ನು ಕಳೆದು 6.0ರ ಬದಲು 5.04 ತೋರಿಸುತ್ತದೆ. ಅದು ತಪ್ಪಲ್ಲ, ಒಂದು ತಿದ್ದುಪಡಿ. ಆದರೂ ಚಿಕ್ಕ ಸಂಖ್ಯೆಗಳಿಗೆ ನಾನು ದ್ವಿಪದ ಪರೀಕ್ಷೆಯನ್ನೇ ಬಳಸಿ ಎನ್ನುತ್ತೇನೆ. ನಾಲ್ಕು ಮನೆಗಳ ಅಂಕಿಗಳನ್ನು ಕೇಳದೆ ಎರಡು ಶೇಕಡಾವಾರು ಮಾತ್ರ ಕೇಳುವ ಅಂತರ್ಜಾಲದ ಕ್ಯಾಲ್ಕ್ಯುಲೇಟರ್‌ಗಳನ್ನು ಮುಟ್ಟಬೇಡಿ. ಅವು ಮಾಡುವುದು ಬೇರೆಯೇ ಪರೀಕ್ಷೆ.

ವರದಿಯಲ್ಲಿ ಪಿ ಮೌಲ್ಯವನ್ನಷ್ಟೇ ಬರೆದು ಮುಗಿಸಬೇಡಿ. ‘18 ಮಂದಿ ಸರಿಯುತ್ತರಕ್ಕೆ ಬಂದರು, 6 ಮಂದಿ ಅದನ್ನು ಬಿಟ್ಟರು, 42 ಮಂದಿ ತಪ್ಪುತ್ತರದಲ್ಲೇ ಉಳಿದರು’ ಎಂದು ಬರೆಯಿರಿ. ಆ ಆರು ಮಂದಿಯನ್ನು ಮಾತನಾಡಿಸಿದರೆ ಸಭೆಯಲ್ಲಿ ಯಾವ ಮಾತು ಗೊಂದಲ ಹುಟ್ಟಿಸಿತೆಂದು ತಿಳಿಯಬಹುದು. ಬದಲಾವಣೆ ಸಭೆಯಿಂದಲೇ ಆಯಿತೇ ಎಂಬುದಕ್ಕೆ ಮಾತ್ರ ಈ ಪರೀಕ್ಷೆ ಉತ್ತರ ಕೊಡುವುದಿಲ್ಲ. ಅದೇ ವಾರ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಇದನ್ನೇ ಹೇಳಿರಬಹುದು. ಅದು ಗೊತ್ತಾಗಬೇಕಾದರೆ ಸಭೆ ನಡೆಯದ ಇನ್ನೊಂದು ಅಂಗನವಾಡಿಯ ತಾಯಂದಿರಿಗೂ ಅದೇ ದಿನಗಳಲ್ಲಿ ಎರಡು ಸಲ ಅದೇ ಪ್ರಶ್ನೆ ಕೇಳಿ, ಎರಡೂ ಕಡೆಯ ಬದಲಾವಣೆಯನ್ನು ಹೋಲಿಸಬೇಕು.